‘ಕೆಟ್ಟಿದೆ’ ಅಲ್ಲ, ‘ಬೇರೆಯದು ಬಂದಿದೆ’

ಪ್ರಶ್ನೆ: ನಮ್ಮದು ಮಳವಳ್ಳಿ ಕಡೆಯ ಹಳ್ಳಿ. ಅಪ್ಪ ಇದೇ ಮೊದಲ ಸಲ ಮೊಬೈಲಿನಲ್ಲಿ ಟೇಬಲ್ ಫ್ಯಾನ್ ತರಿಸಿದರು, ಬಂದದ್ದು ಗೋಡೆ ಗಡಿಯಾರ. ದುಡ್ಡನ್ನು ಡೆಲಿವರಿ ಹುಡುಗನ ಕೈಗೇ ಕೊಟ್ಟಿದ್ದೇವೆ. ರಿಟರ್ನ್ ಒತ್ತಿದೆವು, ಒಯ್ಯಲು ಬಂದವನು ‘ಇದು ಆ ವಸ್ತುವಲ್ಲ’ ಎಂದು ಮುಟ್ಟದೆ ಹೋದ. ಐದು ದಿನ ಆಯಿತು. ಕಸ್ಟಮರ್ ಕೇರ್‌ನವರ ಮಾತು ಅಪ್ಪನಿಗೆ ತಿಳಿಯುವುದಿಲ್ಲ. ಈಗ ಏನು ಮಾಡಬೇಕು?

ಉತ್ತರ: ಒಯ್ಯಲು ಬಂದ ಹುಡುಗನ ಮೇಲೆ ಕೋಪ ಬೇಡ. ನೀವು ರಿಟರ್ನ್ ಒತ್ತಿದಾಗ ಕಾರಣ ಕೇಳಿರುತ್ತದೆ. ಅಲ್ಲಿ ‘ವಸ್ತು ಕೆಟ್ಟಿದೆ’ ಅಥವಾ ‘ಇಷ್ಟವಾಗಲಿಲ್ಲ’ ಎಂದು ಆರಿಸಿರಬೇಕು ಎಂದು ನನ್ನ ಊಹೆ. ಆ ಎರಡರಲ್ಲಿ ಯಾವುದನ್ನು ಆರಿಸಿದರೂ ಕಂಪನಿಯ ಕಂಪ್ಯೂಟರು ನಿಮ್ಮ ಮನೆಯಲ್ಲಿ ಫ್ಯಾನ್ ಇದೆ, ಅದನ್ನೇ ವಾಪಸ್ ತರಬೇಕು ಎಂದು ತಿಳಿಯುತ್ತದೆ, ಬಂದವನ ಮೊಬೈಲಿಗೂ ಫ್ಯಾನಿನ ಚಿತ್ರವನ್ನೇ ಕಳಿಸುತ್ತದೆ. ಚಿತ್ರದಲ್ಲಿ ಇರುವುದನ್ನು ಬಿಟ್ಟು ಬೇರೊಂದನ್ನು ಅವನು ಒಯ್ದರೆ ಗೋಡೌನಿನಲ್ಲಿ ಉತ್ತರ ಹೇಳಬೇಕಾದವನು ಅವನೇ. ಹಾಗಾಗಿ ಗಡಿಯಾರ ಕಂಡ ಕೂಡಲೇ ‘ವಸ್ತು ಹೊಂದುತ್ತಿಲ್ಲ’ ಎಂದು ಬರೆದು ಹೋಗಿರುತ್ತಾನೆ. ಇದನ್ನು ಸರಿಪಡಿಸಬಹುದು. ಆದರೆ ಇನ್ನೊಮ್ಮೆ ರಿಟರ್ನ್ ಒತ್ತಿದರೆ ಸಾಲದು, ಮಾತಾಡಿಯೇ ಸರಿಪಡಿಸಬೇಕು.

ಮೈಸೂರಿನ ಒಂದು ಗ್ರಾಹಕ ಸೇವಾ ಕೇಂದ್ರದಲ್ಲಿ ನಾನು ಒಂಬತ್ತು ವರ್ಷ ಕನ್ನಡದ ಕರೆಗಳನ್ನು ತೆಗೆದುಕೊಂಡಿದ್ದೇನೆ. ಆದರೂ ಈ ತೊಡಕು ನನಗೆ ಪೂರ್ತಿಯಾಗಿ ಅರ್ಥವಾದದ್ದು ಕೆಲಸದ ಕುರ್ಚಿಯಲ್ಲಿ ಅಲ್ಲ, ಪಾಂಡವಪುರದ ಕಡೆ ಇರುವ ನನ್ನ ಸೋದರಮಾವನ ಮನೆಯ ಜಗಲಿಯ ಮೇಲೆ. ನಿಮ್ಮ ತಂದೆಯವರಿಗೆ ಆದದ್ದೇ ಅವರಿಗೂ ಆಗಿತ್ತು. ಆ ಕರೆ ನಡೆದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಕಡೆ ಮಾತಾಡುತ್ತಿದ್ದ ಹುಡುಗಿಯ ಮುಂದಿನ ಪರದೆಯಲ್ಲಿ ಯಾವಾಗ ಏನು ಕಾಣುತ್ತಿರಬಹುದು ಎಂಬುದೂ ನನಗೆ ಗೊತ್ತಿತ್ತು. ಅದನ್ನು ನಡೆದ ಹಾಗೆಯೇ ಹೇಳಿದರೆ ನಿಮ್ಮ ಕೆಲಸಕ್ಕೆ ಹೆಚ್ಚು ಬರುತ್ತದೆ.

ಮಾವನದು ವಿ.ಸಿ. ನಾಲೆಯ ನೀರಿನ ಗದ್ದೆ. ಆ ವರ್ಷ ಭತ್ತಕ್ಕೆ ಕಂದು ಜಿಗಿಹುಳು ಬಿದ್ದಿತ್ತು, ಮನೆಯಲ್ಲಿದ್ದ ಹಳೆಯ ಕೈಪಂಪಿನ ವಾಷರು ಸವೆದು ಔಷಧಿಯೆಲ್ಲ ಬೆನ್ನಿಗೆ ಸೋರುತ್ತಿತ್ತು. ಸೊಸೆಯ ತಮ್ಮನೊಬ್ಬ ಹಬ್ಬಕ್ಕೆ ಬಂದಿದ್ದವನು ಮೊಬೈಲಿನಲ್ಲಿ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ತೋರಿಸಿ, ಮಾವನ ಹೆಸರಿನಲ್ಲೇ ಆರ್ಡರ್ ಹಾಕಿಕೊಟ್ಟ. 2,450 ರೂಪಾಯಿ, ಮನೆ ಬಾಗಿಲಲ್ಲಿ ನಗದು. ಆರನೆಯ ದಿನ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಮೊಬೈಲಿಗೆ ಬಂದ ಓಟಿಪಿಯನ್ನು ಹುಡುಗನಿಗೆ ಹೇಳಲು ಮಾವ ಮೊದಲು ಒಪ್ಪಲಿಲ್ಲ, ಬ್ಯಾಂಕಿನವರು ಯಾರಿಗೂ ಹೇಳಬೇಡಿ ಎಂದಿದ್ದಾರೆ ಎಂಬುದು ಅವರ ವಾದ. ಅವರ ಎಚ್ಚರ ಸರಿಯಾಗಿಯೇ ಇತ್ತು. ಆದರೆ ಡೆಲಿವರಿಯ ಓಟಿಪಿ ಬೇರೆ: ಅದು ಪಾರ್ಸೆಲ್ ಕೈಗೆ ಸಿಕ್ಕಿತು ಎಂಬುದಕ್ಕೆ ಹಾಕುವ ಸಹಿಯಿದ್ದಂತೆ, ಪೆಟ್ಟಿಗೆ ಕಣ್ಣ ಮುಂದೆ ಇರುವಾಗ ಮಾತ್ರ ಹೇಳುವಂಥದ್ದು, ಆ ಸಂದೇಶದಲ್ಲೇ ಡೆಲಿವರಿ ಎಂಬ ಮಾತು ಇರುತ್ತದೆ. ಫೋನಿನಲ್ಲಿ ಕೇಳುವ ಯಾರಿಗೂ ಯಾವ ಓಟಿಪಿಯನ್ನೂ ಹೇಳುವ ಅಗತ್ಯವಿಲ್ಲ.

ಪೆಟ್ಟಿಗೆಯನ್ನು ತೆರೆದರೆ ಒಳಗೆ ಮಕ್ಕಳ ಮೂರು ಗಾಲಿಯ ಸೈಕಲ್ಲು.

ಮೊಮ್ಮಗನಿಗೆ ಆಗ ಮೂರು ವರ್ಷ. ಅವನು ಅದನ್ನು ತನ್ನದೆಂದೇ ತಿಳಿದ. ಮಾವ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ, ಅವನು ಎಷ್ಟು ಅತ್ತರೂ ಗಾಲಿಗಳನ್ನು ಜೋಡಿಸಲು ಬಿಡದೆ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟದ್ದು. ಬೇರೆಯ ವಸ್ತು ಬಂದಿದ್ದರೂ ಅದನ್ನು ಬಳಸಿದ ಗುರುತು ಕಂಡರೆ ವಾಪಸ್ ತೆಗೆದುಕೊಳ್ಳುವುದು ಕಷ್ಟವಾಗುತ್ತದೆ. ಎರಡನೆಯ ಕೆಲಸ ಮಾತ್ರ ತಪ್ಪಾಯಿತು. ಸೊಸೆಯ ತಮ್ಮ ತನ್ನ ಊರಿನಿಂದಲೇ ರಿಟರ್ನ್ ಒತ್ತಿ, ಕಾರಣಗಳ ಪಟ್ಟಿಯಲ್ಲಿ ಮೊದಲು ಕಂಡ ‘ಕೆಟ್ಟಿದೆ’ ಎಂಬುದನ್ನೇ ಆರಿಸಿದ. ಮೂರು ದಿನ ಬಿಟ್ಟು ಬಂದವನು ಮೊಬೈಲು ನೋಡಿ, ಸೈಕಲ್ಲು ನೋಡಿ, ಬರಿಗೈಯಲ್ಲಿ ಹೋದ. ಎರಡು ದಿನದ ಮೇಲೆ ಇನ್ನೊಬ್ಬ ಬಂದು ಅವನೂ ಹಾಗೆಯೇ ಹೋದ. ಆಮೇಲೆ ‘ನಿಮ್ಮ ರಿಟರ್ನ್ ರದ್ದಾಗಿದೆ’ ಎಂಬ ಸಂದೇಶ ಬಂತು. ವಾಪಸ್ ಮಾಡಲು ಇದ್ದದ್ದು ಒಟ್ಟು ಹತ್ತು ದಿನ, ಅದರಲ್ಲಿ ಏಳು ಕಳೆದಿದ್ದವು.

ಇದಾದ ಮೇಲೆ ಗೂಗಲ್‌ನಲ್ಲಿ ಹುಡುಕಿದಾಗ ಕಂಪನಿಯ ಹೆಸರಿನ ಜೊತೆ ಒಂದು ಮೊಬೈಲ್ ನಂಬರ್ ಸಿಕ್ಕಿತು. ಮಾವ ಅದಕ್ಕೆ ಫೋನ್ ಮಾಡಿದರು. ಎತ್ತಿದವನು ಬಹಳ ವಿನಯದಿಂದ ಮಾತಾಡಿ, ಒಂದು ಆ್ಯಪ್ ಹಾಕಿಕೊಳ್ಳಿ, ಆಮೇಲೆ ಹತ್ತು ರೂಪಾಯಿ ಕಳಿಸಿ, ಕೂಡಲೇ ಪೂರ್ತಿ ಹಣ ವಾಪಸ್ ಬರುತ್ತದೆ ಎಂದ. ದುಡ್ಡು ಕೊಡಬೇಕಾದವನು ದುಡ್ಡು ಕೇಳುತ್ತಾನಲ್ಲ ಎಂದು ಮಾವನಿಗೆ ಅನುಮಾನ ಬಂದು ಕರೆ ಕತ್ತರಿಸಿ ನನಗೆ ಫೋನ್ ಮಾಡಿದರು. ಅವನು ಹಾಕಿಸಲು ನೋಡಿದ್ದು ನಮ್ಮ ಮೊಬೈಲಿನ ಪರದೆಯನ್ನು ದೂರದಲ್ಲಿ ಕುಳಿತವರಿಗೆ ಕಾಣಿಸುವ ಆ್ಯಪ್. ಹತ್ತು ರೂಪಾಯಿ ಕಳಿಸುವಾಗ ಒತ್ತುವ ಪಿನ್ ಅವನಿಗೆ ಕಾಣುತ್ತದೆ, ಆಮೇಲೆ ಖಾತೆಯಲ್ಲಿ ಏನೂ ಉಳಿಯುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ನೀವು ಈಗಾಗಲೇ ಇಂಥ ನಂಬರಿಗೆ ಫೋನ್ ಮಾಡಿ ಹಣ ಹೋಗಿದ್ದರೆ ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮರುದಿನ ನಾನು ಹಳ್ಳಿಗೆ ಹೋದೆ. ಆರ್ಡರ್ ಹಾಕಿದ ಆ್ಯಪಿನಲ್ಲೇ ಆ ಆರ್ಡರನ್ನು ತೆರೆದು, ‘ಸಹಾಯ’ ಎಂಬಲ್ಲಿಗೆ ಹೋಗಿ, ಕನ್ನಡ ಭಾಷೆಯನ್ನು ಆರಿಸಿ, ‘ನನಗೆ ಕರೆ ಮಾಡಿ’ ಎಂಬುದನ್ನು ಒತ್ತಿದೆವು. ಹಾಗೆ ಒತ್ತಿದಾಗ ಕರೆ ಕಂಪನಿಯ ಕಡೆಯಿಂದಲೇ ಬರುತ್ತದೆ, ಎತ್ತಿದವರ ಮುಂದೆ ಆ ಆರ್ಡರ್ ತೆರೆದೇ ಇರುತ್ತದೆ. ಕರೆ ಬರುವುದಕ್ಕೆ ಮೊದಲು ಅಟ್ಟದಿಂದ ಪೆಟ್ಟಿಗೆ ಇಳಿಸಿ ಮಾವನ ಕಾಲ ಬಳಿ ಇಟ್ಟೆ, ಒಳಗಿದ್ದ ಬಿಲ್ಲನ್ನು ಅವರ ಕೈಗೆ ಕೊಟ್ಟೆ, ಕನ್ನಡಕ ಹಾಕಿಸಿದೆ. ಮಾತಾಡುವುದನ್ನು ಅವರಿಗೇ ಬಿಟ್ಟೆ; ಅವರ ಹೆಸರಿನ ಆರ್ಡರು, ಅವರ ಮೊಬೈಲು, ಮೇಲಾಗಿ ನಾನು ಮಧ್ಯೆ ಬಾಯಿ ಹಾಕಿದರೆ ಆ ಕಡೆಯವರು ಯಾರ ಮಾತು ಕೇಳಬೇಕು ಎಂದು ಗೊಂದಲಪಡುತ್ತಾರೆ.

“ನಮಸ್ಕಾರ ಸರ್” ಎಂದು ಆ ಹುಡುಗಿ ಹೇಳಿದ್ದೇ ತಡ, ಮಾವ ಜಿಗಿಹುಳುವಿನಿಂದ ಶುರುಮಾಡಿದರು. ನಾಲೆಯ ನೀರು ನಿಲ್ಲುವ ದಿನ, ಸೋರುವ ಕೈಪಂಪು, ಎರಡು ಸಲ ಬಂದು ಹೋದ ಹುಡುಗರು, ಹತ್ತು ರೂಪಾಯಿ ಕೇಳಿದವನು, ಅಳುವ ಮೊಮ್ಮಗ, ಎಲ್ಲವೂ ಬಂತು. ಹೆಚ್ಚುಕಡಿಮೆ ಮೂರು ನಿಮಿಷ ಅವಳು ಹೂಂಗುಟ್ಟಿದ್ದು ಬಿಟ್ಟರೆ ಬಾಯಿ ತೆರೆಯಲಿಲ್ಲ. ಆ ಮೂರು ನಿಮಿಷದ ಬೆಲೆ ನನಗೆ ಗೊತ್ತು. ಒಂದು ಕರೆಗೆ ಇಷ್ಟೇ ನಿಮಿಷ ಎಂಬ ಲೆಕ್ಕ ಅಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಇರುತ್ತದೆ; ಮಧ್ಯೆ ತಡೆದು ‘ಆರ್ಡರ್ ನಂಬರ್ ಹೇಳಿ’ ಎನ್ನುವುದೇ ನಮಗೆ ರೂಢಿಯಾಗಿಬಿಡುತ್ತದೆ. ಹಾಗೆ ತಡೆದರೆ ಹಿರಿಯರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ, ಕರೆ ಇನ್ನೂ ಉದ್ದವಾಗುತ್ತದೆ. ಅವಳು ಕಾದದ್ದರಿಂದ ಇನ್ನೊಂದು ಉಪಕಾರವೂ ಆಯಿತು. ಎರಡು ಸಲ ಹುಡುಗರು ಬಂದು ಮುಟ್ಟದೆ ಹೋದರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ತೊಡಕು ಎಲ್ಲಿದೆ ಎಂದು ಅವಳಿಗೆ ಹೊಳೆಯಿತು.

“ಅಪ್ಪಾ, ನಿಮಗೆ ಬಂದಿರೋದು ಕೆಟ್ಟುಹೋಗಿರೋ ಸ್ಪ್ರೇಯರ್ರೋ, ಇಲ್ಲ ಸ್ಪ್ರೇಯರೇ ಬಂದಿಲ್ವೋ?” ಎಂದು ಕೇಳಿದಳು. ಸರ್ ಹೋಗಿ ಅಪ್ಪ ಆಗಿತ್ತು.

“ಸ್ಪ್ರೇಯರ್ ಎಲ್ ಬಂತವ್ವಾ? ಬಂದಿರೋದು ಮಕ್ಕಳ ಸೈಕಲ್ಲು. ಅದೇನ್ ಕೆಟ್ಟಿಲ್ಲ, ಚೆನ್ನಾಗೇ ಅದೆ. ನಾನ್ ಕೇಳಿದ್ದು ಔಷ್ದಿ ಹೊಡಿಯೋ ಮಿಷಿನ್ನು.”

“ಇಲ್ಲಿ ಕೆಟ್ಟಿದೆ ಅಂತ ಬರೆದಿದೆ ಅಪ್ಪಾ, ಅದಕ್ಕೇ ಅವರು ಸ್ಪ್ರೇಯರ್ ಹುಡುಕ್ಕೊಂಡು ಬಂದಿದ್ದಾರೆ. ಅದನ್ನ ನಾನು ಬದಲಾಯಿಸ್ತೀನಿ. ಪೆಟ್ಟಿಗೆ ಹತ್ರ ಇದೆಯಾ? ಮೇಲೆ ಒಂದು ಬಿಳೀ ಚೀಟಿ ಅಂಟಿಸಿರ್ತಾರೆ, ಗೆರೆಗೆರೆ ಇರುತ್ತೆ. ಅದರ ಕೆಳಗಿರೋ ನಂಬರಲ್ಲಿ ಕೊನೇ ನಾಲ್ಕು ಓದ್ತೀರಾ?”

ಮಾವ ಓದಿದರು. ಅವಳ ಪರದೆಯ ಮೇಲಿನ ನಂಬರಿಗೆ ಅದು ಸರಿಹೊಂದಿತು. ಆಮೇಲೆ ಅವಳು ಒಳಗಿದ್ದ ಬಿಲ್ಲಿನ ಬಗ್ಗೆ ಕೇಳಿದಳು. ಮಾವ ಬಿಲ್ಲಿನ ಮೇಲಿದ್ದ ಹೆಸರನ್ನು ಓದಲು ಹೊರಟಾಗ ತಡೆದು, “ಆ ಹೆಸರು, ವಿಳಾಸ ಬೇಡ ಅಪ್ಪಾ, ಅದು ಬೇರೆಯವರದ್ದು. ಆರ್ಡರ್ ನಂಬರ್ ಅಷ್ಟೇ ಹೇಳಿ” ಎಂದಳು. ನಿಧಾನವಾಗಿ, ಒಂದೊಂದೇ ಅಂಕಿ. ಎರಡು ಕಡೆ ಮಾವ ತಪ್ಪಿದರು, ಎರಡೂ ಸಲ ಅವಳು ಬೇಸರಿಸದೆ ಹಿಂದಿನ ಮೂರು ಅಂಕಿಗಳನ್ನು ತಾನೇ ಓದಿ ಅಲ್ಲಿಂದ ಮುಂದುವರಿಸಿದಳು.

ಚೀಟಿ ಮತ್ತು ಬಿಲ್ಲು ಇವೆರಡನ್ನೂ ಅವಳು ಏಕೆ ಕೇಳಿದಳು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಫೋನ್ ಬರುವ ಮೊದಲೇ ಇದನ್ನು ನೋಡಿಟ್ಟುಕೊಳ್ಳಬಹುದು. ಬೇರೆ ವಸ್ತು ಬರುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಹೊರಗಿನ ಚೀಟಿಯಲ್ಲಿ ನಿಮ್ಮ ಹೆಸರಿದ್ದು ಒಳಗಿನ ಬಿಲ್ಲಿನಲ್ಲಿ ಬೇರೆಯವರ ಹೆಸರಿದ್ದರೆ, ಗೋಡೌನಿನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿದ್ದ ಎರಡು ಪೆಟ್ಟಿಗೆಗಳಿಗೆ ಚೀಟಿ ಅದಲುಬದಲಾಗಿ ಅಂಟಿಕೊಂಡಿದೆ ಎಂದು ತಿಳಿಯಬೇಕು. ಆಗ ನಿಮ್ಮ ವಸ್ತು ಇನ್ನಾರದೋ ಮನೆಯಲ್ಲಿರುತ್ತದೆ, ಅವರೂ ಇಷ್ಟರಲ್ಲಿ ದೂರು ಕೊಟ್ಟಿರುವ ಸಾಧ್ಯತೆ ಇರುತ್ತದೆ. ಚೀಟಿ, ಬಿಲ್ಲು ಎರಡೂ ನಿಮ್ಮವೇ ಆಗಿ ಬಿಲ್ಲಿನಲ್ಲಿ ಫ್ಯಾನ್ ಎಂದೇ ಬರೆದಿದ್ದು ಒಳಗೆ ಮಾತ್ರ ಗಡಿಯಾರವಿದ್ದರೆ, ತುಂಬುವಾಗ ಮಾರಾಟಗಾರನ ಕಡೆಯೇ ತಪ್ಪಿದೆ, ಇಲ್ಲವೇ ದಾರಿಯಲ್ಲಿ ಯಾರೋ ಪೆಟ್ಟಿಗೆ ಬಿಚ್ಚಿದ್ದಾರೆ. ದಾರಿಯಲ್ಲಿ ಬಿಚ್ಚಿದ್ದರೆ ಅಂಟುಪಟ್ಟಿಯ ಮೇಲೆ ಇನ್ನೊಂದು ಅಂಟುಪಟ್ಟಿ ಕಾಣುತ್ತದೆ, ಅಂಚಿನ ರಟ್ಟು ಸಿಪ್ಪೆ ಎದ್ದಿರುತ್ತದೆ. ಮೊದಲ ಬಗೆಯ ತಪ್ಪನ್ನು ಕಂಪನಿ ತನ್ನ ದಾಖಲೆಯಲ್ಲೇ ಕಂಡುಕೊಳ್ಳಬಹುದು, ಬೇಗ ಒಪ್ಪಿಕೊಳ್ಳುತ್ತದೆ. ಎರಡನೆಯದರಲ್ಲಿ ನಿಮ್ಮ ಮಾತನ್ನು ನಂಬಲು ಅವರಿಗೆ ಫೋಟೋ ಬೇಕಾಗುತ್ತದೆ, ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಆದ್ದರಿಂದಲೇ ಪೆಟ್ಟಿಗೆಯನ್ನೂ ಚೀಟಿಯನ್ನೂ ಎಸೆಯಬಾರದು. ನಿಮ್ಮ ಮನೆಯಲ್ಲಿ ಪೆಟ್ಟಿಗೆ ಒಲೆಗೆ ಹೋಗಿಲ್ಲ ಎಂದು ಆಶಿಸುತ್ತೇನೆ.

ಮಾವನದು ಮೊದಲ ಬಗೆ. ಅದು ಗೊತ್ತಾದ ಮೇಲೆ ಅವಳು ಹಳೆಯ ರಿಟರ್ನನ್ನು ಮುಟ್ಟಲೇ ಇಲ್ಲ, ‘ಬೇರೆ ವಸ್ತು ತಲುಪಿದೆ’ ಎಂದು ಹೊಸ ದೂರು ತೆರೆದಳು. ಸಹಾಯ ಪುಟದಲ್ಲೇ ನಾಲ್ಕು ಫೋಟೋ ಹಾಕಲು ಹೇಳಿದಳು: ಚೀಟಿ ಕಾಣುವಂತೆ ಪೆಟ್ಟಿಗೆ, ಚೀಟಿ ಮಾತ್ರ ಹತ್ತಿರದಿಂದ, ಬಿಲ್ಲು, ಕೊನೆಗೆ ಸೈಕಲ್ಲು. ಆಮೇಲೆ ಕೇಳಿದಳು, ಹಣ ವಾಪಸ್ ಬೇಕೋ, ಸ್ಪ್ರೇಯರೇ ಬೇಕೋ. ಹಣವೆಂದರೆ, ನಗದು ಕೊಟ್ಟು ಕೊಂಡದ್ದರಿಂದ ಬ್ಯಾಂಕ್ ಖಾತೆಯ ನಂಬರು ಮತ್ತು ಐಎಫ್‌ಎಸ್‌ಸಿ ಕೊಡಬೇಕು, ಅದನ್ನು ಆ್ಯಪಿನ ಒಳಗೆ ನೀವೇ ತುಂಬಬೇಕು, ನನಗೆ ಹೇಳಬೇಡಿ ಎಂದೂ ಸೇರಿಸಿದಳು. ನಿಜವಾದ ಕಂಪನಿಯವರನ್ನು ಗುರುತಿಸಲು ಈ ಮಾತೂ ಒಂದು ಸುಳಿವು.

ಮಾವ ಸ್ಪ್ರೇಯರನ್ನೇ ಕೇಳಿದರು. ಅವಳು ಬರೆದುಕೊಂಡದ್ದನ್ನೆಲ್ಲ ಒಮ್ಮೆ ಓದಿ ಹೇಳಿದಳು. ಅದರಲ್ಲಿದ್ದ ಒಂದು ಸಾಲಿಗೆ ನಾನು ಕಾಯುತ್ತಿದ್ದೆ: ‘ಗ್ರಾಹಕರ ಬಳಿ ಇರುವುದು ಮಕ್ಕಳ ಸೈಕಲ್, ಅದನ್ನೇ ಒಯ್ಯುವುದು.’ ಒಯ್ಯಲು ಬರುವವನ ಮೊಬೈಲಿಗೆ ಹೋಗುವುದು ಈ ಸಾಲೇ. ಇದು ಇಲ್ಲದಿದ್ದರೆ ಮೂರನೆಯವನೂ ಸ್ಪ್ರೇಯರಿನ ಚಿತ್ರ ಹಿಡಿದೇ ಬರುತ್ತಿದ್ದ. ದೂರಿನ ನಂಬರನ್ನು ಅವಳು ಎರಡು ಸಲ ಹೇಳಿದಳು, ಮಾವ ಅದನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡರು. ಒಟ್ಟು ಹದಿನೆಂಟು ನಿಮಿಷ.

“ಯಾವೂರವ್ವಾ ನಿಂದು?” ಎಂದು ಮಾವ ಕೊನೆಗೆ ಕೇಳಿದರು. ಅದನ್ನು ಹೇಳುವ ಹಾಗಿಲ್ಲ ಅಪ್ಪಾ ಎಂದಳು. ಅದು ಅಲ್ಲಿನ ನಿಯಮ. ನಾನೂ ಎಷ್ಟೋ ಹಿರಿಯರಿಗೆ ಹಾಗೆಯೇ ಹೇಳಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ಕಸಿವಿಸಿಯಾಗಿದೆ. “ಹೋಗ್ಲಿ ಬಿಡು, ಚೆನ್ನಾಗಿರು ತಾಯಿ” ಎಂದು ಮಾವ ಫೋನ್ ಇಟ್ಟರು. ನಾಲ್ಕನೆಯ ದಿನ ಬಂದವನು ಸೈಕಲ್ಲನ್ನೇ ಕೇಳಿ ಒಯ್ದ. ಅದಾಗಿ ಮೂರು ದಿನಕ್ಕೆ ಸ್ಪ್ರೇಯರ್ ಬಂತು. ಅಷ್ಟರಲ್ಲಿ ಮಾವ ಪಕ್ಕದ ಗದ್ದೆಯವರ ಪಂಪು ತಂದು ಒಂದು ಸುತ್ತು ಔಷಧಿ ಹೊಡೆದು ಮುಗಿಸಿದ್ದರು; ಅವಸರಕ್ಕೆ ಬೇಕಾದ ಸಾಮಾನನ್ನು ಹೀಗೆ ತರಿಸಬಾರದು ಎಂಬ ಅವರ ತೀರ್ಮಾನವನ್ನು ನಾನೂ ಒಪ್ಪುತ್ತೇನೆ.

ಈಗ ನಿಮ್ಮ ವಿಷಯ. ಇಂದೇ ಆ ಆರ್ಡರನ್ನು ತೆರೆದು, ವಾಪಸ್ ಮಾಡಲು ಕೊನೆಯ ದಿನ ಯಾವುದು ಎಂದು ನೋಡಿ. ಈ ಗಡುವು ಕಂಪನಿಗೊಂದು, ವಸ್ತುವಿಗೊಂದು ಇರುತ್ತದೆ, ಏಳು ದಿನವೇ ಆಗಿದ್ದರೆ ನಿಮಗೆ ಉಳಿದಿರುವುದು ಎರಡೇ ದಿನ. ಗಡುವಿನೊಳಗೆ ದೂರು ದಾಖಲಾದರೆ ಸಾಕು, ಒಯ್ಯಲು ಬರುವುದು ಆಮೇಲಾದರೂ ಅಡ್ಡಿಯಿಲ್ಲ. ಆ್ಯಪಿನ ಒಳಗಿನಿಂದಲೇ ಕನ್ನಡದಲ್ಲಿ ಕರೆ ಕೇಳಿ, ಪೆಟ್ಟಿಗೆ ಮತ್ತು ಬಿಲ್ಲನ್ನು ತಂದೆಯವರ ಮುಂದಿಟ್ಟು, ಅವರು ಹೇಳಬೇಕಾದ ಮೊದಲ ಮಾತನ್ನು ಮಾತ್ರ ಕಲಿಸಿ: ‘ಫ್ಯಾನ್ ಕೇಳಿದ್ದೆ, ಗಡಿಯಾರ ಬಂದಿದೆ, ರಿಟರ್ನ್‌ನಲ್ಲಿ ಕಾರಣ ತಪ್ಪಾಗಿ ಬಿದ್ದಿದೆ.’ ಮಾತು ತಿಳಿಯದಿದ್ದರೆ ‘ಇನ್ನೊಮ್ಮೆ ನಿಧಾನವಾಗಿ ಹೇಳವ್ವಾ’ ಎನ್ನಲು ಅವರು ಸಂಕೋಚಪಡಬೇಕಿಲ್ಲ. ಕರೆ ಮುಗಿಸುವ ಮುನ್ನ ‘ಗಡಿಯಾರ ಒಯ್ಯಬೇಕು’ ಎಂದು ಬರೆದಿದ್ದನ್ನು ಓದಿ ಹೇಳಿಸಿಕೊಳ್ಳಲಿ, ದೂರಿನ ನಂಬರ್ ಪಡೆಯಲಿ. ಗಡಿಯಾರವನ್ನು ಕೊಡುವಾಗ, ಒಯ್ದದ್ದಾಗಿ ಮೊಬೈಲಿಗೆ ಸಂದೇಶ ಬಂದ ಮೇಲೆಯೇ ಹುಡುಗನನ್ನು ಕಳಿಸಿ.

ಇಷ್ಟಾದರೂ ಅವರು ಒಪ್ಪದೆ ಹೋದರೆ, ಅಥವಾ ‘ಗಡುವು ಮುಗಿದಿದೆ’ ಎಂದುಬಿಟ್ಟರೆ, ಕರೆಯಲ್ಲಿ ವಾದ ಬೆಳೆಸಿ ಪ್ರಯೋಜನವಿಲ್ಲ. ಆ ಕುರ್ಚಿಯಲ್ಲಿ ಕುಳಿತವರಿಗೆ ಅದಕ್ಕಿಂತ ಹೆಚ್ಚಿನ ಅಧಿಕಾರ ಇರುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕವನ್ನು ತನ್ನ ಪುಟದಲ್ಲಿ ಪ್ರಕಟಿಸಬೇಕು. ಅವರಿಗೆ ಬರೆದ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ವಿವರಣೆಯಲ್ಲಿ ತೋರಿಸಿದ್ದಕ್ಕೆ ಹೊಂದದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂಬುದೂ ಅದೇ ನಿಯಮಗಳಲ್ಲಿದೆ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದು ತೀರ್ಪು ಕೊಡುವ ಜಾಗವಲ್ಲ, ನಿಮ್ಮ ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುವ ಜಾಗ. ಆದರೂ ನಾನು ಕಂಡ ಮಟ್ಟಿಗೆ, ಫ್ಯಾನಿನಷ್ಟು ಮೊತ್ತದ ವಿಷಯಗಳು ಹೆಚ್ಚಾಗಿ ಅಲ್ಲಿಯೇ ಮುಗಿಯುತ್ತವೆ. ಕೊನೆಯದು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಾಟಗಾರ ದೆಹಲಿಯಲ್ಲಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಓಡಾಟ, ದಿನಗೂಲಿ ನಷ್ಟ ಲೆಕ್ಕ ಹಾಕಿದರೆ ಒಂದು ಫ್ಯಾನಿಗಾಗಿ ಅಲ್ಲಿಯವರೆಗೆ ಹೋಗಿ ಎಂದು ನಾನು ಹೇಳಲಾರೆ. ಇಂದಿನ ಕರೆಯನ್ನು ಸರಿಯಾಗಿ ಮಾಡಿದರೆ ಹೋಗಬೇಕಾಗಿಯೂ ಬರಲಿಕ್ಕಿಲ್ಲ. ಗಡಿಯಾರಕ್ಕೆ ಸೆಲ್ ಹಾಕಿ ಗೋಡೆಗೆ ನೇತುಹಾಕಿದ್ದರೆ ಫೋನ್ ಬರುವ ಮೊದಲೇ ಇಳಿಸಿ, ಒರೆಸಿ, ಅದು ಬಂದ ಪೆಟ್ಟಿಗೆಯಲ್ಲೇ ಇಡಿ.